ಎನ್‌ಕೋಡರ್ ಓಡುತ್ತಲೇ ಇದೆ, ಆದರೂ ಯೂಟ್ಯೂಬ್ ಲೈವ್ ‘ಆಫ್‌ಲೈನ್’ ಏಕೆ?

ಮದುವೆ, ಉಪನಯನ, ಊರ ರಥೋತ್ಸವ, ಶಾಲೆಯ ವಾರ್ಷಿಕೋತ್ಸವ, ಯಾವುದೇ ಇರಲಿ, ಆಮಂತ್ರಣ ಪತ್ರಿಕೆಯ ಜೊತೆಗೆ ಒಂದು ಯೂಟ್ಯೂಬ್ ಲಿಂಕ್ ಬರುವುದು ಈಗ ಮಾಮೂಲಿಯಾಗಿದೆ. ಬರಲಾಗದವರು ಮನೆಯಲ್ಲೇ ಕೂತು ನೋಡಲಿ ಎಂಬುದು ಉದ್ದೇಶ. ಆದರೆ ಮುಹೂರ್ತದ ಹೊತ್ತಿಗೆ ಲಿಂಕ್ ಒತ್ತಿದರೆ ಕಾಣುವುದು ಒಂದು ಕಪ್ಪು ಪರದೆ, ಮೇಲೊಂದು ಸಾಲು: ಇನ್ನೂ ಶುರುವಾಗಿಲ್ಲ, ಅಥವಾ ಆಫ್‌ಲೈನ್. ಮಂಟಪಕ್ಕೆ ಫೋನ್ ಮಾಡಿದರೆ ಕ್ಯಾಮೆರಾದವರ ಉತ್ತರ ಬೇರೆಯೇ. “ಇಲ್ಲಿ ಲೈವ್ ಓಡ್ತಾ ಇದೆ ಸಾರ್, ಟೈಮರ್ ನೋಡಿ, ಇಪ್ಪತ್ತು ನಿಮಿಷ ಆಯ್ತು. ನಿಮ್ಮ ನೆಟ್ಟೇ ಸ್ಲೋ ಇರ್ಬೇಕು.”

ಇಂಥ ಹೊತ್ತಲ್ಲಿ ಕುಟುಂಬದ ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಯೂಟ್ಯೂಬ್ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ, ಕ್ಯಾಶ್ ಕ್ಲಿಯರ್ ಮಾಡಿ, ಚಾನೆಲ್‌ಗೆ ಸಬ್‌ಸ್ಕ್ರೈಬರ್ ಸಾಲದು ಅದಕ್ಕೇ ಕಾಣಿಸುತ್ತಿಲ್ಲ, ಹೀಗೆ. ಇವುಗಳಲ್ಲಿ ಯಾವುದೂ ಈ ತೊಂದರೆಗೆ ಮದ್ದಲ್ಲ. ನೋಡುವವರ ನೆಟ್ ನಿಧಾನವಾಗಿದ್ದರೆ ಚಿತ್ರ ಮಸುಕಾಗುತ್ತದೆ, ಮಧ್ಯೆ ಮಧ್ಯೆ ನಿಂತು ಚಕ್ರ ಸುತ್ತುತ್ತದೆ. ‘ಇನ್ನೂ ಶುರುವಾಗಿಲ್ಲ’ ಎಂಬ ಮಾತು ನಿಮ್ಮ ಫೋನಿನಿಂದ ಬರುವುದಿಲ್ಲ, ಯೂಟ್ಯೂಬ್‌ನ ಸರ್ವರ್‌ನಿಂದ ಬರುತ್ತದೆ. ಆ ಸಾಲು ನಿಮಗೆ ಕಾಣಿಸಿತು ಎಂದರೇನೇ ನಿಮ್ಮ ನೆಟ್ ಕೆಲಸ ಮಾಡುತ್ತಿದೆ ಎಂದರ್ಥ. ಇನ್ನು ಸಬ್‌ಸ್ಕ್ರೈಬರ್ ವಿಚಾರ: ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕೆಂಬ ನಿಯಮ ಇರುವುದು ಮೊಬೈಲ್ ಆ್ಯಪ್‌ನಿಂದಲೇ ನೇರವಾಗಿ ಲೈವ್ ಹೋಗುವವರಿಗೆ. ಕಂಪ್ಯೂಟರಿನ ಎನ್‌ಕೋಡರ್‌ನಿಂದ ಕಳಿಸುವವರಿಗೆ ಆ ನಿಯಮ ಇಲ್ಲ.

ಹಾಗಾದರೆ ಕ್ಯಾಮೆರಾದವರು ಸುಳ್ಳು ಹೇಳುತ್ತಿದ್ದಾರೆಯೇ? ಅದೂ ಇಲ್ಲ. ಅವರ ಪರದೆಯಲ್ಲಿ ಎಲ್ಲವೂ ನಿಜಕ್ಕೂ ಓಡುತ್ತಿರುತ್ತದೆ. ನೋಡುವವರ ಪರದೆಯಲ್ಲೂ ನಿಜಕ್ಕೂ ಏನೂ ಇರುವುದಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಬಹುದು. ಅದು ಹೇಗೆ ಎಂಬುದೇ ಈ ಲೇಖನದ ವಿಷಯ. ಉದಾಹರಣೆಗೆ ನಾವು ಇಟ್ಟುಕೊಂಡಿರುವುದು ಹೆಚ್ಚು ಬಳಕೆಯಲ್ಲಿರುವ ಜೋಡಿಯನ್ನು: ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೋ, ಆ ಕಡೆ ಯೂಟ್ಯೂಬ್.

ಎನ್‌ಕೋಡರ್‌ಗೆ ಗೊತ್ತಿರುವುದು ಎಷ್ಟು?

ಕ್ಯಾಮೆರಾದಿಂದ ಬರುವ ಚಿತ್ರ ಬಹಳ ದೊಡ್ಡದು. ಅದನ್ನು ಹಾಗೇ ನೆಟ್ ಮೇಲೆ ಕಳಿಸಲಾಗದು. ಅದನ್ನು ಒತ್ತಿ ಚಿಕ್ಕದು ಮಾಡುವ ತಂತ್ರಾಂಶ ಅಥವಾ ಡಬ್ಬಿಯೇ ಎನ್‌ಕೋಡರ್. ಚಿಕ್ಕದಾದ ಆ ದತ್ತಾಂಶವನ್ನು ಒಬಿಎಸ್ ಒಂದು ವಿಳಾಸಕ್ಕೆ ಕಳಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದು ಹೀಗಿರುತ್ತದೆ (ಕೀಲಿ ಇಲ್ಲಿ ಮಾದರಿಗೆ ಮಾತ್ರ):

```
Server:     rtmps://a.rtmps.youtube.com:443/live2
Stream Key: abcd-1234-efgh-5678-ijkl
```

ಮೊದಲ ಸಾಲು ಯೂಟ್ಯೂಬ್‌ನ ಹೆಬ್ಬಾಗಿಲು. ಅದು ಎಲ್ಲರಿಗೂ ಒಂದೇ. ಎರಡನೆಯದು ಸ್ಟ್ರೀಮ್ ಕೀ. ಒಳಗೆ ಬಂದ ಚಿತ್ರ ಯಾರದ್ದು ಎಂದು ಯೂಟ್ಯೂಬ್ ಗುರುತಿಸುವುದು ಈ ಕೀಲಿಯಿಂದಲೇ.

ಒಬಿಎಸ್‌ನ ಕೆಳಗಿನ ಪಟ್ಟಿಯಲ್ಲಿ ಓಡುವ ಟೈಮರ್, 3000 ಕೆಬಿಪಿಎಸ್ ಎಂಬ ಅಂಕಿ, ಹಸಿರು ಗುರುತು, ‘Dropped Frames 0 (0.0%)’ ಎಂಬ ಸಾಲು, ಇವೆಲ್ಲ ಹೇಳುವುದು ಇಷ್ಟೇ: ಹೆಬ್ಬಾಗಿಲು ತೆರೆದಿದೆ, ನಾನು ಕೊಟ್ಟದ್ದನ್ನು ಅವರು ತೆಗೆದುಕೊಳ್ಳುತ್ತಿದ್ದಾರೆ. ಒಳಗೆ ಹೋದ ಮೇಲೆ ಅದನ್ನು ಯಾವ ಪುಟದಲ್ಲಿ ತೋರಿಸಿದರು, ತೋರಿಸಿದರೋ ಇಲ್ಲವೋ, ಇದರ ಬಗ್ಗೆ ಆ ಪಟ್ಟಿ ಒಂದಕ್ಷರವನ್ನೂ ಹೇಳುವುದಿಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿದಂತೆ. ಡಬ್ಬಿಯೊಳಗೆ ಬಿದ್ದದ್ದು ನಮಗೆ ಖಾತ್ರಿ, ಯಾರ ಮನೆಗೆ ತಲುಪಿತು ಎಂಬುದನ್ನು ಡಬ್ಬಿ ಹೇಳಲಾರದು. ಸಾವಿರಾರು ರೂಪಾಯಿ ಕೊಟ್ಟು ತಂದ ಹಾರ್ಡ್‌ವೇರ್ ಎನ್‌ಕೋಡರ್‌ಗಳ ಕೆಂಪು ದೀಪದ ಕಥೆಯೂ ಇದೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಗಡಿಬಿಡಿಯಲ್ಲಿ ಇದು ಅನುಭವಸ್ಥರಿಗೂ ಆಗುತ್ತದೆ. ಒಬಿಎಸ್‌ನಲ್ಲಿ ‘Start Streaming’ ಬಟನ್‌ನ ಕೆಳಗೇ ‘Start Recording’ ಇದೆ. ತಪ್ಪಿ ಎರಡನೆಯದನ್ನು ಒತ್ತಿದರೂ ಟೈಮರ್ ಓಡುತ್ತದೆ. ಚಿತ್ರ ಮಾತ್ರ ಲ್ಯಾಪ್‌ಟಾಪ್‌ನ ಡಿಸ್ಕಿನಲ್ಲಿ ಕೂರುತ್ತದೆ, ನೆಟ್ಟಿಗೆ ಹೋಗುವುದಿಲ್ಲ. ಹೀಗಾದಾಗ ಕೆಬಿಪಿಎಸ್ ಅಂಕಿ ಸೊನ್ನೆಯಾಗಿಯೇ ಇರುತ್ತದೆ. ಹಾಗಾಗಿ ಟೈಮರ್ ಮಾತ್ರ ನೋಡಬೇಡಿ, ಅಂಕಿಯನ್ನೂ ನೋಡಿ.

ಯೂಟ್ಯೂಬ್‌ನೊಳಗೆ ಎರಡು ವಸ್ತುಗಳಿವೆ

ಈ ಒಗಟಿನ ಕೀಲಿಕೈ ಇರುವುದು ಇಲ್ಲಿ. ನಾವೆಲ್ಲ ‘ಲೈವ್’ ಎಂದು ಒಂದೇ ಪದದಲ್ಲಿ ಕರೆಯುವುದನ್ನು ಯೂಟ್ಯೂಬ್ ತನ್ನೊಳಗೆ ಎರಡು ಬೇರೆ ಬೇರೆ ವಸ್ತುಗಳಾಗಿ ಇಟ್ಟುಕೊಂಡಿದೆ.

ಒಂದು, ಸ್ಟ್ರೀಮ್. ಇದು ಕೊಳವೆ. ಎನ್‌ಕೋಡರ್ ಚಿತ್ರವನ್ನು ಸುರಿಯುವುದು ಇದಕ್ಕೆ, ಸ್ಟ್ರೀಮ್ ಕೀ ಸೇರಿದ್ದು ಇದಕ್ಕೆ. ಎರಡನೆಯದು ಬ್ರಾಡ್‌ಕಾಸ್ಟ್, ಅಂದರೆ ಪ್ರಸಾರ. ನಿಮಗೆ ವಾಟ್ಸಾಪ್‌ನಲ್ಲಿ ಬಂದ ಲಿಂಕ್, ಶೀರ್ಷಿಕೆ, ವಧೂವರರ ಫೋಟೋ ಇರುವ ಮುಖಚಿತ್ರ, ‘ಬೆಳಗ್ಗೆ 10ಕ್ಕೆ’ ಎಂಬ ಸಮಯ, ಚಾಟ್, ಇವೆಲ್ಲ ಸೇರಿದ್ದು ಪ್ರಸಾರಕ್ಕೆ.

ಒಂದು ಚಾನೆಲ್‌ನಲ್ಲಿ ಹಲವು ಕೊಳವೆಗಳಿರಬಹುದು, ಹಲವು ಪ್ರಸಾರಗಳೂ ಇರಬಹುದು. ಯಾವ ಪ್ರಸಾರಕ್ಕೆ ಯಾವ ಕೊಳವೆ ಎಂದು ಯಾರೋ ಜೋಡಿಸಿರಬೇಕು. ಜೋಡಿಸಿದ ಮೇಲೂ ಪ್ರಸಾರವನ್ನು ‘ಶುರು’ ಎನ್ನುವ ಸ್ಥಿತಿಗೆ ತರಬೇಕು. ಎನ್‌ಕೋಡರ್ ಕೊಳವೆಯನ್ನು ತುಂಬಿಸಬಲ್ಲದು, ಅಷ್ಟೇ. ನೀರು ಬರುತ್ತಿದ್ದರೂ ಅದು ಪಕ್ಕದ ಮನೆಯ ನಲ್ಲಿಗೆ ಜೋಡಣೆಯಾಗಿದ್ದರೆ ನಿಮ್ಮ ಮನೆಯ ನಲ್ಲಿ ಒಣಗಿಯೇ ಇರುತ್ತದೆ. ಸರಿಯಾದ ನಲ್ಲಿಗೇ ಜೋಡಿಸಿದ್ದರೂ ತಿರುಪು ತಿರುಗಿಸದಿದ್ದರೆ ಆಗಲೂ ಹನಿ ಬೀಳುವುದಿಲ್ಲ.

ಎನ್‌ಕೋಡರ್ ಓಡುತ್ತಿದ್ದು, ಅಂಕಿ ಸರಿಯಾಗಿದ್ದು, ಆದರೂ ಲಿಂಕ್ ಆಫ್‌ಲೈನ್ ಎಂದಾಗ ಮೊದಲು ಅನುಮಾನಿಸಬೇಕಾದದ್ದು ಈ ಎರಡನ್ನೇ: ಜೋಡಣೆ ತಪ್ಪಿದೆ, ಇಲ್ಲವೇ ತಿರುಪು ತಿರುಗಿಸಿಲ್ಲ. ಇವೆರಡಕ್ಕೂ ನೆಟ್ ವೇಗಕ್ಕೂ ಸಂಬಂಧವಿಲ್ಲ. ಡಾಂಗಲ್ ಬದಲಾಯಿಸುವುದರಿಂದ ಇವು ಸರಿಹೋಗುವುದೂ ಇಲ್ಲ.

ಒಂದು ಮದುವೆ ಮನೆಯ ಬೆಳಗು

ಹಲವು ಕಡೆ ಆಗುವುದನ್ನು ಒಂದೇ ಮದುವೆಗೆ ಕೂಡಿಸಿ ಹೇಳುತ್ತೇವೆ. ಮೇ ತಿಂಗಳು, ದಾವಣಗೆರೆ ಕಡೆಯ ಒಂದು ಕಲ್ಯಾಣ ಮಂಟಪ. ಮುಹೂರ್ತ ಬೆಳಗ್ಗೆ 10.40ಕ್ಕೆ. ವಧುವಿನ ಅಣ್ಣ ಎರಡು ದಿನ ಮೊದಲೇ ಕುಟುಂಬದ ಚಾನೆಲ್‌ನಲ್ಲಿ ಪ್ರಸಾರವನ್ನು ನಿಗದಿ ಮಾಡಿ, ಲಿಂಕ್ ಅನ್ನು ಎಲ್ಲ ಗ್ರೂಪುಗಳಿಗೂ ಹಾಕಿದ್ದಾನೆ. ಹಾಗೆ ಮಾಡುವಾಗ ಅಚ್ಚುಕಟ್ಟಾಗಿರಲಿ ಎಂದು ‘Maduve’ ಎಂಬ ಹೆಸರಿನ ಹೊಸ ಸ್ಟ್ರೀಮ್ ಕೀ ಮಾಡಿಕೊಂಡಿದ್ದಾನೆ. ತಪ್ಪೇನೂ ಇಲ್ಲ. ಆದರೆ ಫೋಟೋ ಸ್ಟುಡಿಯೋದವರ ಲ್ಯಾಪ್‌ಟಾಪಿನಲ್ಲಿ ಇರುವುದು, ಹಿಂದಿನ ವರ್ಷ ಇದೇ ಮನೆಯ ಉಪನಯನಕ್ಕೆ ಹಾಕಿಕೊಂಡಿದ್ದ ಡಿಫಾಲ್ಟ್ ಕೀ. ಅದೇ ಚಾನೆಲ್, ಅದೇ ಮನೆ. ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

10.05ಕ್ಕೆ ‘Start Streaming’ ಒತ್ತಿದರು. 3000 ಕೆಬಿಪಿಎಸ್, ಹಸಿರು, ಡ್ರಾಪ್ ಸೊನ್ನೆ. 10.12ಕ್ಕೆ ಕ್ಯಾಲಿಫೋರ್ನಿಯಾದಿಂದ ಫೋನ್ ಬಂತು. ಅಲ್ಲಿ ಹಿಂದಿನ ರಾತ್ರಿ 9.42.

“ಚಿಕ್ಕಪ್ಪ, ಇಲ್ಲಿ ಏನೂ ಬರ್ತಿಲ್ಲ. ವೇಟಿಂಗ್ ಅಂತಾನೇ ತೋರಿಸ್ತಿದೆ.”

“ಇಲ್ಲಿ ಓಡ್ತಾ ಇದೆಯಲ್ಲೋ, ನಾನೇ ನೋಡ್ತಾ ಇದೀನಿ.”

ಮುಂದಿನ ಹದಿನೈದು ನಿಮಿಷ ಕಳೆದದ್ದು ಮಂಟಪದ ವೈಫೈ ಬಿಟ್ಟು ಡಾಂಗಲ್ ಹಾಕುವುದರಲ್ಲಿ, ಡಾಂಗಲ್ ಬಿಟ್ಟು ಮಾವನ ಫೋನಿನ ಹಾಟ್‌ಸ್ಪಾಟ್ ಹಿಡಿಯುವುದರಲ್ಲಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುವುದರಲ್ಲಿ. ಪ್ರತಿ ಬಾರಿಯೂ ಒಬಿಎಸ್ ಹಸಿರಾಗಿಯೇ ಇತ್ತು. ಪ್ರತಿ ಬಾರಿಯೂ ಲಿಂಕ್ ‘ವೇಟಿಂಗ್’ ಎಂದಿತು. ಮೂರು ಬೇರೆ ಬೇರೆ ನೆಟ್‌ಗಳಲ್ಲೂ ಒಂದೇ ಫಲಿತಾಂಶ ಬಂದರೆ ನೆಟ್ ಕಾರಣವಲ್ಲ ಎಂದು ಅಷ್ಟರಲ್ಲೇ ತಿಳಿಯಬೇಕಿತ್ತು.

ಕೊನೆಗೆ ವಧುವಿನ ಅಣ್ಣ ತನ್ನ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ಸ್ಟುಡಿಯೋದ ಲೈವ್ ಕಂಟ್ರೋಲ್ ರೂಮ್ ತೆರೆದ. ಅದರಲ್ಲಿ ‘Manage’ ಒತ್ತಿ, ತಾನು ನಿಗದಿ ಮಾಡಿದ್ದ ಆ ಪ್ರಸಾರವನ್ನೇ ತೆರೆದ. ಸ್ಟ್ರೀಮ್ ಸ್ಥಿತಿಯ ಜಾಗದಲ್ಲಿ ‘No data’ ಎಂದಿತ್ತು. ಅಂದರೆ ಈ ಪ್ರಸಾರಕ್ಕೆ ಜೋಡಿಸಿದ ಕೊಳವೆಗೆ ಒಂದು ಹನಿಯೂ ಬಂದಿಲ್ಲ. ಆದರೆ ಒಬಿಎಸ್ 3000 ಕೆಬಿಪಿಎಸ್ ಕಳಿಸುತ್ತಿದೆ. ಎರಡೂ ನಿಜವಾಗಿರಬೇಕಾದರೆ ಉಳಿಯುವ ಉತ್ತರ ಒಂದೇ: ಚಿತ್ರ ಬೇರೆ ಕೊಳವೆಗೆ ಹೋಗುತ್ತಿದೆ. ಕೀಲಿಯ ಕೊನೆಯ ನಾಲ್ಕು ಅಕ್ಷರ ಓದಿಕೊಂಡು ಹೋಲಿಸಿದರು. ಬೇರೆ ಬೇರೆ ಇದ್ದವು.

ಒಬಿಎಸ್‌ನಲ್ಲಿ ಸ್ಟ್ರೀಮ್ ನಿಲ್ಲಿಸಿ, ಸೆಟ್ಟಿಂಗ್ಸ್‌ಗೆ ಹೋಗಿ ‘Maduve’ ಕೀಲಿಯನ್ನು ಅಂಟಿಸಿ, 10.29ಕ್ಕೆ ಮತ್ತೆ ಶುರು ಮಾಡಿದರು. ಕೆಲವೇ ಸೆಕೆಂಡುಗಳಲ್ಲಿ ಕಂಟ್ರೋಲ್ ರೂಮಿನಲ್ಲಿ ಸ್ಥಿತಿ ಹಸಿರಾಯಿತು, ಮುನ್ನೋಟದ ಚೌಕದಲ್ಲಿ ಮಂಟಪ ಕಂಡಿತು. ಎಲ್ಲರೂ ಉಸಿರು ಬಿಟ್ಟರು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ‘ವೇಟಿಂಗ್’!

ಇದು ಎರಡನೆಯ ತೊಡಕು. ಪ್ರಸಾರ ನಿಗದಿ ಮಾಡುವಾಗ ‘Enable Auto-start’ ಎಂಬ ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ಎನ್‌ಕೋಡರ್‌ನಿಂದ ಚಿತ್ರ ಬಂದ ಕೂಡಲೇ ಪ್ರಸಾರ ತಾನಾಗಿ ಶುರುವಾಗುತ್ತದೆ. ಆಫ್ ಇದ್ದರೆ ಯಾರಾದರೂ ಕಂಟ್ರೋಲ್ ರೂಮಿನಲ್ಲಿ ‘Go Live’ ಬಟನ್ ಒತ್ತಲೇಬೇಕು. ನಿಗದಿತ ಸಮಯ ದಾಟಿದರೂ ಪ್ರಸಾರ ತಾನಾಗಿ ತೆರೆದುಕೊಳ್ಳುವುದಿಲ್ಲ. 10 ಗಂಟೆ ಎಂದು ಹಾಕಿದ್ದು ನೋಡುಗರಿಗೆ ಹೇಳುವ ಸಮಯವೇ ಹೊರತು ಅಲಾರಂ ಅಲ್ಲ. ಇಲ್ಲಿ ಆ ಆಯ್ಕೆ ಆಫ್ ಆಗಿತ್ತು. 10.32ಕ್ಕೆ ಬಟನ್ ಒತ್ತಿದರು. ಅರ್ಧ ನಿಮಿಷದ ಹೊತ್ತಿಗೆ ಅತ್ತ ಕಡೆಯ ಪರದೆಯಲ್ಲಿ ಅಂತರಪಟ ಕಾಣಿಸಿತು. ಮಾಂಗಲ್ಯಧಾರಣೆಗೆ ಎಂಟು ನಿಮಿಷ ಬಾಕಿ.

10.05ರಿಂದ ಕಳಿಸಿದ ಚಿತ್ರವೆಲ್ಲ ಏನಾಯಿತು? ಡಿಫಾಲ್ಟ್ ಕೀಲಿಗೆ ಯಾವ ಪ್ರಸಾರವೂ ಜೋಡಣೆಯಾಗಿರದಿದ್ದರೆ ಅದು ಎಲ್ಲೂ ಉಳಿಯುವುದಿಲ್ಲ, ಹರಿದುಹೋದ ನೀರು. ಆ ಕೀಲಿಗೆ ಬೇರೊಂದು ಪ್ರಸಾರ ಜೋಡಣೆಯಾಗಿದ್ದು ಅದಕ್ಕೆ ತಾನಾಗಿ ಶುರುವಾಗುವ ಆಯ್ಕೆ ಆನ್ ಇದ್ದರೆ ಇನ್ನೂ ತಮಾಷೆ. ಮದುವೆ ನಿಜವಾಗಿಯೂ ಲೈವ್ ಹೋಗುತ್ತಿರುತ್ತದೆ, ಆದರೆ ಯಾರ ಬಳಿಯೂ ಇಲ್ಲದ ಇನ್ನೊಂದು ಲಿಂಕ್‌ನಲ್ಲಿ. ಹಾಗಾಗಿ ನೋಡುಗರು ಮಾಡಬಹುದಾದ ಒಂದೇ ಒಂದು ಉಪಯುಕ್ತ ಕೆಲಸ ಎಂದರೆ ಚಾನೆಲ್‌ನ ಹೆಸರಿನ ಮೇಲೆ ಒತ್ತಿ, ‘Live’ ವಿಭಾಗದಲ್ಲಿ ಬೇರೆ ಯಾವುದಾದರೂ ಪ್ರಸಾರ ಓಡುತ್ತಿದೆಯೇ ನೋಡುವುದು. ಸಿಕ್ಕಿದರೆ ಆ ಲಿಂಕನ್ನು ಗ್ರೂಪಿಗೆ ಹಾಕಿ, ಮಂಟಪಕ್ಕೂ ತಿಳಿಸಿ.

ಗಾಬರಿಯಲ್ಲಿ ಆಫ್ ಮಾಡಿ ಆನ್ ಮಾಡಿದರೆ?

ಟಿವಿ, ರೂಟರ್, ಮಿಕ್ಸಿ ಎಲ್ಲಕ್ಕೂ ನಮ್ಮಲ್ಲಿ ಒಂದೇ ಔಷಧಿ. ಲೈವ್ ವಿಷಯದಲ್ಲಿ ಮಾತ್ರ ಈ ಔಷಧಿ ಕೆಲವೊಮ್ಮೆ ರೋಗಕ್ಕಿಂತ ದೊಡ್ಡದು.

‘Auto-start’ ಪಕ್ಕದಲ್ಲೇ ‘Enable Auto-stop’ ಎಂಬ ಇನ್ನೊಂದು ಆಯ್ಕೆ ಇದೆ. ಅದು ಆನ್ ಇದ್ದರೆ, ಎನ್‌ಕೋಡರ್ ಚಿತ್ರ ಕಳಿಸುವುದನ್ನು ನಿಲ್ಲಿಸಿದ ಸುಮಾರು ಒಂದು ನಿಮಿಷಕ್ಕೆ ಯೂಟ್ಯೂಬ್ ಆ ಪ್ರಸಾರವನ್ನು ಮುಗಿಸಿಬಿಡುತ್ತದೆ. ಮುಗಿದ ಪ್ರಸಾರವನ್ನು ಮತ್ತೆ ಲೈವ್ ಮಾಡಲು ಬರುವುದಿಲ್ಲ. ಒಂದು ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ, ಕ್ಯಾಮೆರಾ ಹಿಡಿದು, ಒಬಿಎಸ್ ತೆರೆಯಲು ಎರಡು ಮೂರು ನಿಮಿಷ ಬೇಕೇಬೇಕು. ಮಧ್ಯದಲ್ಲಿ ಚಿತ್ರ ಸ್ವಲ್ಪ ತಡವರಿಸಿತೆಂದು ಹೀಗೆ ರೀಸ್ಟಾರ್ಟ್ ಮಾಡಿದರೆ ಏನಾಗುತ್ತದೆ? ಎನ್‌ಕೋಡರ್ ಮತ್ತೆ ಓಡುತ್ತದೆ, ಕೀಲಿಯೂ ಸರಿ, ಅಂಕಿಯೂ ಸರಿ. ಆದರೆ ಜನರ ಕೈಯಲ್ಲಿರುವ ಲಿಂಕ್ ಒತ್ತಿದರೆ ಬರುವುದು ಮುಗಿದುಹೋದ ವಿಡಿಯೋ. ಹೊರಗಿನಿಂದ ನೋಡಿದರೆ ಇದೂ ‘ಎನ್‌ಕೋಡರ್ ಓಡುತ್ತಿದೆ, ಲೈವ್ ಆಫ್‌ಲೈನ್’ ಎಂಬ ಅದೇ ದೂರು. ಕಾರಣ ಮಾತ್ರ ಬೇರೆ. ಕಂಟ್ರೋಲ್ ರೂಮಿನಲ್ಲಿ ಆ ಪ್ರಸಾರ ಮುಂಬರುವ ಪಟ್ಟಿಯಿಂದ ಮಾಯವಾಗಿರುವುದರಿಂದ ಇದನ್ನು ಗುರುತಿಸಬಹುದು. ಇಲ್ಲಿ ದಾರಿ ಒಂದೇ: ಹೊಸ ಪ್ರಸಾರ ಮಾಡಿ, ಅದಕ್ಕೆ ಅದೇ ಕೀಲಿ ಜೋಡಿಸಿ, ಹೊಸ ಲಿಂಕ್ ಹಂಚುವುದು.

ಮೇಲಿನ ಮದುವೆಯಲ್ಲಿ ಮೂರು ಬಾರಿ ನಿಲ್ಲಿಸಿ ಶುರು ಮಾಡಿದರೂ ಲಿಂಕ್ ಉಳಿದುಕೊಂಡಿತಲ್ಲ, ಅದಕ್ಕೆ ಕಾರಣ ಆ ಪ್ರಸಾರ ಅಲ್ಲಿಯವರೆಗೆ ಶುರುವೇ ಆಗಿರಲಿಲ್ಲ. ಶುರುವಾಗದ್ದು ಮುಗಿಯುವುದಿಲ್ಲ. ಅದೃಷ್ಟ ಎನ್ನಬೇಕು.

ನಮ್ಮ ಅಭಿಪ್ರಾಯದಲ್ಲಿ ಮದುವೆ, ಜಾತ್ರೆಯಂಥ ಒಂದೇ ಬಾರಿ ನಡೆಯುವ ಕಾರ್ಯಕ್ರಮಕ್ಕೆ Auto-stop ಆಫ್ ಇಡುವುದೇ ಒಳ್ಳೆಯದು. ಆಗ ಕರೆಂಟ್ ಹೋದರೂ, ನೆಟ್ ಕಡಿದರೂ ಪ್ರಸಾರ ತೆರೆದೇ ಇರುತ್ತದೆ. ನೋಡುಗರಿಗೆ ಆ ಹೊತ್ತು ಚಿತ್ರ ನಿಂತಂತೆ ಕಂಡರೂ, ಎನ್‌ಕೋಡರ್ ಮರಳಿದ ಕೂಡಲೇ ಅದೇ ಲಿಂಕ್‌ನಲ್ಲಿ ಮುಂದುವರಿಯುತ್ತದೆ. ಕೊನೆಯಲ್ಲಿ ‘End stream’ ಒತ್ತಲು ಮರೆಯಬಾರದು, ಅಷ್ಟೇ. ಮರೆತರೆ ಊಟದ ಪಂಕ್ತಿಯ ಗದ್ದಲವೂ ಜಗತ್ತಿಗೆ ಕೇಳಿಸೀತು.

‘Go Live’ ಒತ್ತಿದ ಕೂಡಲೇ ನೋಡುಗರಿಗೆ ಕಾಣದಿದ್ದರೆ ಒಂದು ನಿಮಿಷ ಕಾಯಿರಿ. ಬಂದ ಚಿತ್ರವನ್ನು ಯೂಟ್ಯೂಬ್ ಬೇರೆ ಬೇರೆ ಗುಣಮಟ್ಟಕ್ಕೆ ಬದಲಾಯಿಸಿ, ತುಂಡು ತುಂಡಾಗಿ ಹಂಚುತ್ತದೆ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಆ ಅಂತರವನ್ನು ದೋಷವೆಂದು ತಿಳಿದು ಮತ್ತೆ ಸ್ಟಾಪ್ ಒತ್ತುವವರನ್ನು ಕಾಣುತ್ತಲೇ ಇರುತ್ತೇವೆ.

ನೆಟ್ ನಿಜವಾಗಿಯೂ ಕಾರಣವಾದರೆ ಹೇಗಿರುತ್ತದೆ?

ನೆಟ್ ಎಂದೂ ಕಾರಣವಲ್ಲ ಎಂದು ನಾವು ಹೇಳುತ್ತಿಲ್ಲ. ಆಗ ಗುರುತುಗಳು ಬೇರೆ ಇರುತ್ತವೆ. ನೆನಪಿಡಬೇಕಾದ ವಿಷಯ, ಲೈವ್ ಕಳಿಸಲು ಬೇಕಾದದ್ದು ಅಪ್‌ಲೋಡ್ ವೇಗ. ಸ್ಪೀಡ್ ಟೆಸ್ಟ್‌ನಲ್ಲಿ ದೊಡ್ಡದಾಗಿ ಮಿನುಗುವ ‘50’ ಸಾಮಾನ್ಯವಾಗಿ ಡೌನ್‌ಲೋಡ್‌ನದು. ಮಂಟಪ ತುಂಬಿ ಐನೂರು ಜನ ಫೋನ್ ಹಿಡಿದು ಸ್ಟೇಟಸ್ ಹಾಕುವ ಹೊತ್ತಿಗೆ ಅದೇ ಟವರ್‌ನ ಅಪ್‌ಲೋಡ್ 1.5 ಎಂಬಿಪಿಎಸ್‌ಗೆ ಇಳಿಯಬಹುದು. ನೀವು ಕಳಿಸಬೇಕಾದದ್ದು 3. ಹಿಂದಿನ ರಾತ್ರಿ ಖಾಲಿ ಮಂಟಪದಲ್ಲಿ ಮಾಡಿದ ಪರೀಕ್ಷೆ ಇಲ್ಲಿ ಸುಳ್ಳಾಗುತ್ತದೆ.

ಆಗ ಒಬಿಎಸ್ ಹಸಿರಾಗಿ ಉಳಿಯುವುದಿಲ್ಲ. ಡ್ರಾಪ್ಡ್ ಫ್ರೇಮ್ಸ್ ಶೇಕಡಾವಾರು ಏರುತ್ತಾ ಹೋಗುತ್ತದೆ, ಗುರುತು ಹಳದಿಯಾಗಿ ಕೆಂಪಾಗುತ್ತದೆ. ಬಿಟ್‌ರೇಟ್ ಅನ್ನು 1000ದ ಆಸುಪಾಸಿಗೆ ಇಳಿಸಿ, ಚಿತ್ರದ ಅಳತೆಯನ್ನೂ ಚಿಕ್ಕದು ಮಾಡಿದರೆ ಮಸುಕಾಗಿಯಾದರೂ ಮದುವೆ ಕಾಣುತ್ತದೆ. ಮಸುಕಾದ ಮದುವೆ ಕಾಣದ ಮದುವೆಗಿಂತ ವಾಸಿ.

ಮೋಸ ಮಾಡುವ ಒಂದು ಸಂದರ್ಭವೂ ಇದೆ. ಡಾಂಗಲ್ ಅಥವಾ ಹಾಟ್‌ಸ್ಪಾಟ್‌ನ ಸಂಪರ್ಕ ಸದ್ದಿಲ್ಲದೆ ಕಡಿದಾಗ ಆ ಕಡೆಯ ಸರ್ವರ್ ‘ನಾನು ಹೋದೆ’ ಎಂದು ಹೇಳಿ ಹೋಗಿರುವುದಿಲ್ಲ. ಉತ್ತರ ಬಂದೀತೆಂದು ಒಬಿಎಸ್ ಸ್ವಲ್ಪ ಹೊತ್ತು ಕಾಯುತ್ತದೆ. ಆ ಹೊತ್ತಿನಲ್ಲಿ ಟೈಮರ್ ಓಡುತ್ತಲೇ ಇರುತ್ತದೆ, ಆದರೆ ಕೆಬಿಪಿಎಸ್ ಸೊನ್ನೆಯತ್ತ ಬೀಳುತ್ತದೆ, ಡ್ರಾಪ್ ಏರುತ್ತದೆ. ಆಮೇಲೆ ಸಂಪರ್ಕ ತಪ್ಪಿತೆಂದು ಒಪ್ಪಿಕೊಂಡು ಮತ್ತೆ ಜೋಡಿಸಲು ಯತ್ನಿಸುತ್ತದೆ. ಇಲ್ಲಿ ಕೂಡ ಟೈಮರ್‌ಗಿಂತ ಅಂಕಿಯೇ ನಂಬಲರ್ಹ.

ಎಲ್ಲ ಹಸಿರು, ಆದರೂ ಚಿತ್ರ ಹೋಯಿತು

ಸರಿಯಾಗಿ ಓಡುತ್ತಿದ್ದ ಪ್ರಸಾರ ನಡುವೆ ನಿಂತು, ಅದರ ಜಾಗದಲ್ಲಿ ಒಂದು ಸ್ಥಿರ ಚಿತ್ರ ಬಂದರೆ ಮಂಟಪದ ಸ್ಪೀಕರಿನ ಕಡೆ ಕಿವಿ ಕೊಡಿ. ಅಲ್ಲಿ ಸಿನಿಮಾ ಹಾಡು ಕೇಳಿಸುತ್ತಿರಬಹುದು. ಯೂಟ್ಯೂಬ್ ಲೈವ್ ಪ್ರಸಾರಗಳಲ್ಲೂ ಹಕ್ಕುಸ್ವಾಮ್ಯ ಇರುವ ಹಾಡು, ವಿಡಿಯೋಗಳನ್ನು ಯಂತ್ರದ ಮೂಲಕ ಗುರುತಿಸುತ್ತದೆ. ಗುರುತು ಹತ್ತಿದರೆ ನಿಮ್ಮ ಚಿತ್ರದ ಬದಲು ಬೇರೊಂದು ಚಿತ್ರ ಇಟ್ಟು ಎಚ್ಚರಿಕೆ ಕೊಡಬಹುದು. ಹಾಡು ಮುಂದುವರಿದರೆ ಪ್ರಸಾರವನ್ನೇ ತಡೆಯಬಹುದು. ಇದು ಒಬಿಎಸ್‌ಗೆ ಗೊತ್ತೇ ಆಗುವುದಿಲ್ಲ, ಅದು ಪಾಪ ಕಳಿಸುತ್ತಲೇ ಇರುತ್ತದೆ. ಎಚ್ಚರಿಕೆ ಬರುವುದು ಚಾನೆಲ್‌ನ ಸ್ಟುಡಿಯೋ ಪುಟಕ್ಕೆ. ಮದುವೆ ಮನೆಯಲ್ಲಿ ಆ ಪುಟವನ್ನು ನೋಡುತ್ತಾ ಕೂತವರು ಯಾರಿರುತ್ತಾರೆ? ಓಲಗದವರು ಕೂತು ನುಡಿಸುವ ಸಾಂಪ್ರದಾಯಿಕ ವಾದ್ಯಕ್ಕೆ ಈ ತೊಂದರೆ ಬರುವ ಸಾಧ್ಯತೆ ಕಡಿಮೆ. ರೆಕಾರ್ಡ್ ಹಾಕಿದರೆ ಹೆಚ್ಚು.

ಇನ್ನು ಹೊಸ ಚಾನೆಲ್ ಆದರೆ ಒಂದು ಮಾತು. ಮೊದಲ ಬಾರಿ ಲೈವ್ ಸೌಲಭ್ಯ ಕೇಳಿದಾಗ ಫೋನ್ ನಂಬರ್ ಖಚಿತಪಡಿಸಬೇಕು, ಆಮೇಲೆ ಸೌಲಭ್ಯ ತೆರೆಯಲು 24 ಗಂಟೆವರೆಗೂ ಹಿಡಿಯಬಹುದು. ಮದುವೆಯ ಬೆಳಗ್ಗೆ ಚಾನೆಲ್ ಮಾಡಿದರೆ ಅಂದೇ ಲೈವ್ ಸಿಗುತ್ತದೆಂಬ ಭರವಸೆ ಇಲ್ಲ. ಲಿಂಕ್ ಒತ್ತಿದಾಗ ‘ವೇಟಿಂಗ್’ ಬದಲು ‘ಈ ವಿಡಿಯೋ ಖಾಸಗಿ’ ಎಂಬರ್ಥದ ಸಾಲು ಬಂದರೆ ಅದು ಎನ್‌ಕೋಡರ್ ವಿಚಾರವೇ ಅಲ್ಲ. ಪ್ರಸಾರವನ್ನು ‘Private’ ನಿಂದ ‘Unlisted’ ಗೆ ಬದಲಾಯಿಸಿದರೆ ಲಿಂಕ್ ಇರುವವರೆಲ್ಲ ನೋಡಬಹುದು.

ಹಾಗಾದರೆ ಯಾವ ಪರದೆಯನ್ನು ನಂಬಬೇಕು?

ಒಬಿಎಸ್‌ನದನ್ನಲ್ಲ, ನೋಡುಗರ ಫೋನನ್ನೂ ಅಲ್ಲ. ಮಧ್ಯದ ಪರದೆಯನ್ನು, ಅಂದರೆ ಕಂಟ್ರೋಲ್ ರೂಮಿನಲ್ಲಿ ನೀವು ಲಿಂಕ್ ಹಂಚಿದ ಅದೇ ಪ್ರಸಾರದ ಪುಟವನ್ನು. ‘No data’ ಇದ್ದು ಒಬಿಎಸ್‌ನಲ್ಲಿ ಅಂಕಿ ಸರಿಯಿದ್ದರೆ ಕೀಲಿ ಹೋಲಿಸಿ. ಅಲ್ಲಿ ಹಸಿರಿದ್ದು ನೋಡುಗರಿಗೆ ಕಾಣದಿದ್ದರೆ ‘Go Live’ ಹುಡುಕಿ. ಹಳದಿ ಅಥವಾ ಕೆಂಪು ಇದ್ದರೆ ಪಕ್ಕದಲ್ಲೇ ಕಾರಣ ಬರೆದಿರುತ್ತದೆ, ಅದನ್ನು ಓದಿ. ಪ್ರಸಾರವೇ ಕಾಣೆಯಾಗಿದ್ದರೆ ಅದು ಮುಗಿದಿದೆ. ಮೊಬೈಲ್ ಒಂದನ್ನು ಮಂಟಪದ ವೈಫೈ ಬಿಟ್ಟು ಬೇರೆ ಡೇಟಾದಲ್ಲಿ, ಚಾನೆಲ್‌ಗೆ ಲಾಗಿನ್ ಆಗದ ಖಾತೆಯಲ್ಲಿ, ಹಂಚಿದ ಲಿಂಕ್ ತೆರೆದು ಇಟ್ಟುಕೊಂಡರೆ ಫೋನ್ ಬರುವ ಮೊದಲೇ ತೊಂದರೆ ನಿಮಗೇ ಕಾಣುತ್ತದೆ.

ಒಬಿಎಸ್‌ನ ಹೊಸ ಆವೃತ್ತಿಗಳಲ್ಲಿ ಕೀಲಿ ಅಂಟಿಸುವ ಬದಲು ಯೂಟ್ಯೂಬ್ ಖಾತೆಯನ್ನೇ ಜೋಡಿಸಬಹುದು. ಆಗ ‘Manage Broadcast’ ಒತ್ತಿ, ನಿಗದಿಯಾಗಿರುವ ಪ್ರಸಾರಗಳಿಂದ ಬೇಕಾದದ್ದನ್ನು ಹೆಸರು ನೋಡಿ ಆರಿಸಿಕೊಳ್ಳಬಹುದು. ಕೀಲಿ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಸ್ಟುಡಿಯೋದವರ ಲ್ಯಾಪ್‌ಟಾಪಿನಲ್ಲಿ ನಿಮ್ಮ ಖಾತೆ ಜೋಡಿಸಿದರೆ ಕಾರ್ಯಕ್ರಮ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು.

ಲೈವ್ ಕೆಟ್ಟಾಗ ಸಹಾಯ ಕೇಳಲು ಅನೇಕರು ಒಬಿಎಸ್ ಸೆಟ್ಟಿಂಗ್ಸ್‌ನ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತಾರೆ, ‘Show’ ಒತ್ತಿ ಕೀಲಿ ಕಾಣುವಂತೆ ಮಾಡಿ! ‘ನಿಮ್ಮ ಸ್ಟ್ರೀಮ್ ಕೀ ಕಳಿಸಿ, ನಾವು ಸರಿ ಮಾಡಿಕೊಡುತ್ತೇವೆ’ ಎನ್ನುವವರೂ ಸಿಗುತ್ತಾರೆ. ಆ ಕೀಲಿ ಇದ್ದವರು ನಿಮ್ಮ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಚಾನೆಲ್‌ಗೆ ತಮ್ಮ ಚಿತ್ರ ಕಳಿಸಬಹುದು. ಹೋಲಿಸಲು ಕೊನೆಯ ನಾಲ್ಕು ಅಕ್ಷರ ಸಾಕು, ಅದನ್ನು ಫೋನಿನಲ್ಲಿ ಹೇಳಿದರೂ ಆಯಿತು. ಈಗಾಗಲೇ ಕೀಲಿ ಯಾರಿಗಾದರೂ ಸಿಕ್ಕಿದ್ದರೆ ಕಂಟ್ರೋಲ್ ರೂಮಿನಲ್ಲಿ ‘Reset’ ಒತ್ತಿ ಹೊಸದು ಪಡೆಯಿರಿ. ಪಡೆದ ಮೇಲೆ ಅದನ್ನು ಒಬಿಎಸ್‌ಗೂ ಹಾಕಬೇಕು. ಹಳೆಯ ಕೀಲಿ ಅಲ್ಲೇ ಉಳಿದಿದ್ದರೆ ಮುಂದಿನ ಕಾರ್ಯಕ್ರಮದ ದಿನ ಲಿಂಕ್ ಮತ್ತೆ ‘ವೇಟಿಂಗ್’ ಎನ್ನುತ್ತದೆ.